ಆಡಿಟರ್‌ಗೆ ಟಿಪ್ಪಣಿ: ಸೆಲ್ ಕಾಮೆಂಟ್, ಪತ್ರ, ಇಲ್ಲಾ ಅದೇ ಫೈಲಿನ ಇನ್ನೊಂದು ಶೀಟ್?

ನನ್ನ ಓಟು ಇನ್ನೊಂದು ಶೀಟಿಗೆ. ಮೂರನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿದ್ದೇನೆ. ನಾನು ಹುಬ್ಬಳ್ಳಿಯ ತಾರಿಹಾಳದಲ್ಲಿ ವಾಲ್ವ್ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯ ಲೆಕ್ಕ ಬರೆಯುತ್ತೇನೆ. ಪ್ರತಿ ವರ್ಷ ಮಾರ್ಚ್ 31ರ ಟಿಡಿಎಸ್ ಬರಬೇಕಾದ ಬಾಕಿಯ ಶೆಡ್ಯೂಲನ್ನು ಎಕ್ಸೆಲ್‌ನಲ್ಲಿ ಮಾಡಿ ಆಡಿಟರ್‌ಗೆ ಕೊಡಬೇಕು. ನಮ್ಮ ಲೆಡ್ಜರ್ ಒಂದು ಅಂಕಿ ಹೇಳುತ್ತದೆ, ನಮ್ಮ ಪಾನ್‌ಗೆ ಜಮೆಯಾದ ಟಿಡಿಎಸ್ ತೋರಿಸುವ ಆದಾಯ ತೆರಿಗೆ ಇಲಾಖೆಯ 26ಎಎಸ್ ಪಟ್ಟಿ ಇನ್ನೊಂದು ಹೇಳುತ್ತದೆ. ನಡುವಿನ ವ್ಯತ್ಯಾಸ ಯಾಕೆ ಬಂತು, ನಾವು ಏನನ್ನು ನಂಬಿಕೊಂಡು ಆ ಅಂಕಿ ಬರೆದಿದ್ದೇವೆ ಅಂತ ವಿವರಿಸುವ ಟಿಪ್ಪಣಿಯನ್ನು ಎಲ್ಲಿ ಬರೆಯಬೇಕು ಅನ್ನೋದೇ ಇಲ್ಲಿನ ಪ್ರಶ್ನೆ.

ಮೊದಲು 2023-24ರ ನಮ್ಮ ಲೆಕ್ಕ ನೋಡಿ. ನಮ್ಮ ದೊಡ್ಡ ಪಾರ್ಟಿಗಳು ಸೆಕ್ಷನ್ 194ಕ್ಯೂ ಪ್ರಕಾರ, ವರ್ಷದಲ್ಲಿ 50 ಲಕ್ಷ ದಾಟಿದ ಖರೀದಿಯ ಮೇಲೆ 0.1% ಟಿಡಿಎಸ್ ಹಿಡಿಯುತ್ತಿದ್ದರು. ಲೆಡ್ಜರ್‌ನಲ್ಲಿ 1,48,600 ರೂಪಾಯಿ ಇತ್ತು. ಜೂನ್ 14ರಂದು ಇಳಿಸಿಕೊಂಡ 26ಎಎಸ್‌ನಲ್ಲಿ 1,42,350. ವ್ಯತ್ಯಾಸ 6,250. ಇದರೊಳಗೆ ಮೂರು ವಿಷಯ ಸೇರಿಕೊಂಡಿದ್ದವು. ಪುಣೆಯ ಪಾರ್ಟಿ ಮಾರ್ಚ್ ಕೊನೆಯ ಎರಡು ಬಿಲ್ಲುಗಳನ್ನು ಏಪ್ರಿಲ್‌ನಲ್ಲಿ ಬರೆದುಕೊಂಡಿತ್ತು, ಅದರದ್ದು 3,100. ಇನ್ನೊಂದು ಪಾರ್ಟಿ 3,330 ಹಿಡಿದಿತ್ತು, ಆದರೆ ಅದು 26ಎಎಸ್‌ಗೆ ಬಂದಿರಲಿಲ್ಲ. ಮೂರನೆಯದು ಉಲ್ಟಾ. ಫೆಬ್ರವರಿಯಲ್ಲಿ ಮುಂಗಡ ಕೊಟ್ಟವರು ಜಿಎಸ್‌ಟಿ ಸೇರಿದ 11,80,000ದ ಮೇಲೆ 1,180 ಹಿಡಿದಿದ್ದರು, ನಾವು 10,00,000ದ ಮೇಲೆ 1,000 ಬರೆದಿದ್ದೆವು. ಇದರಲ್ಲಿ ತಪ್ಪು ನಮ್ಮದೇ. ಬಿಲ್ಲಿನ ಮೇಲೆ ಹಿಡಿದರೆ ಜಿಎಸ್‌ಟಿ ಬಿಟ್ಟು ಲೆಕ್ಕ, ಮುಂಗಡದ ಮೇಲೆ ಹಿಡಿದರೆ ಪೂರ್ತಿ ಮೊತ್ತಕ್ಕೆ ಲೆಕ್ಕ ಅಂತ ಸಿಬಿಡಿಟಿಯ 2021ರ ಸುತ್ತೋಲೆಯಲ್ಲೇ ಇದೆ. ಹಾಗಾಗಿ 26ಎಎಸ್‌ನಲ್ಲಿ 180 ಜಾಸ್ತಿ. 3,100 ಮತ್ತು 3,330 ಕೂಡಿಸಿ 180 ಕಳೆದರೆ ಸರಿಯಾಗಿ 6,250.

ಸೆಲ್ ಕಾಮೆಂಟ್ ಅದರ ಹಿಂದಿನ ವರ್ಷ ಮಾಡಿ ನೋಡಿದ್ದೆ. ಬರೆಯಲು ಸುಲಭ, ಅಂಕಿಯ ಪಕ್ಕದಲ್ಲೇ ಇರುತ್ತದೆ. ಆದರೆ ಪ್ರಿಂಟ್ ತೆಗೆದರೆ ಕಾಮೆಂಟ್ ತಾನಾಗಿ ಬರುವುದಿಲ್ಲ, ಪೇಜ್ ಸೆಟಪ್‌ಗೆ ಹೋಗಿ ಹೇಳಬೇಕು. ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಆಡಿಟರ್ ಕಚೇರಿಯ ಆರ್ಟಿಕಲ್ ಹುಡುಗರು ನಮ್ಮ ಶೀಟನ್ನು ತಮ್ಮ ನಮೂನೆಗೆ ಬರೀ ವ್ಯಾಲ್ಯೂ ಆಗಿ ಪೇಸ್ಟ್ ಮಾಡಿಕೊಳ್ಳುತ್ತಾರೆ. ಆಗ ಅಂಕಿ ಹೋಗುತ್ತದೆ, ಕಾಮೆಂಟ್ ಇಲ್ಲೇ ಉಳಿಯುತ್ತದೆ. ನಾನು ಬರೆದಿದ್ದ ಹನ್ನೊಂದು ಕಾಮೆಂಟ್‌ಗಳಲ್ಲಿ ಒಂದೂ ಅವರ ಫೈಲಿಗೆ ಹೋಗಿರಲಿಲ್ಲ. ಹನ್ನೊಂದು ಪ್ರಶ್ನೆಯೂ ಫೋನಿನಲ್ಲಿ ಬಂದವು. ನನಗೆ ನಾನೇ ನೆನಪು ಬರೆದಿಟ್ಟುಕೊಳ್ಳಲು ಕಾಮೆಂಟ್ ಸಾಕು, ಆಡಿಟರ್‌ಗೆ ಹೇಳಲು ಸಾಲದು.

ಅದಕ್ಕೇ 2023-24ಕ್ಕೆ ಪತ್ರ ಬರೆದೆ. ಲೆಟರ್‌ಹೆಡ್ ಮೇಲೆ, ಮಾಲೀಕರ ಸಹಿ ಹಾಕಿಸಿ, ಎರಡು ಪುಟ. ಮೇಲೆ ಹೇಳಿದ ಮೂರೂ ಕಾರಣ ಚೆಂದವಾಗಿ ಬರೆದು, "ವ್ಯತ್ಯಾಸ ರೂ. 6,250" ಅಂತ ಕೊನೆಯಲ್ಲಿ ಹಾಕಿದ್ದೆ. ನೋಡಲು ಮರ್ಯಾದಸ್ತ ಕಾಗದ. ಅದನ್ನು ಕೊಟ್ಟ ಮೇಲೇ ತೊಂದರೆ ಶುರುವಾಯಿತು.

ಪತ್ರ ಕೊಟ್ಟ ವಾರದಲ್ಲೇ ಎರಡು ಜರ್ನಲ್ ಎಂಟ್ರಿ ಹಾಕಿದೆವು. ಪುಣೆಯವರು ಮಾರ್ಚ್ 31ರವರೆಗೆ ನಮ್ಮ ಟಿಡಿಎಸ್ ಹಿಡಿದೇ ಇರಲಿಲ್ಲ. ಹಾಗಿದ್ದ ಮೇಲೆ ಆ 3,100 ಟಿಡಿಎಸ್ ಬಾಕಿ ಅಲ್ಲ, ಪಾರ್ಟಿಯೇ ಕೊಡಬೇಕಾದ ಹಣ. ಅದನ್ನು ಪಾರ್ಟಿ ಖಾತೆಗೆ ವಾಪಸ್ ಹಾಕಿದೆವು. ಮುಂಗಡದ 180 ಕೂಡಿಸಿದೆವು. ಲೆಡ್ಜರ್ 1,45,680ಕ್ಕೆ ಬಂತು, ವ್ಯತ್ಯಾಸ 3,330ಕ್ಕೆ ಇಳಿಯಿತು. ಹೊಸ ಶೆಡ್ಯೂಲ್ ಕಳಿಸಿದೆ. ಪತ್ರ ಮಾತ್ರ 6,250 ಅಂತಲೇ ಹೇಳುತ್ತಾ ಅವರ ಫೈಲಿನಲ್ಲಿ ಕೂತಿತ್ತು.

ಜುಲೈನಲ್ಲಿ ಇನ್ನೊಂದು ಬದಲಾವಣೆ. ಆ 3,330 ಹಿಡಿದವರು ನಮ್ಮ ಪಾನ್ ನಂಬರಿನಲ್ಲಿ ಒಂದು ಅಕ್ಷರ ತಪ್ಪು ಹಾಕಿದ್ದರು. ತಿದ್ದುಪಡಿ ರಿಟರ್ನ್ ಸಲ್ಲಿಸಿದರು, ಹಣ 26ಎಎಸ್‌ಗೆ ಬಂತು. ಈಗ ಎರಡೂ ಕಡೆ 1,45,680, ವ್ಯತ್ಯಾಸ ಸೊನ್ನೆ. ಅಂದರೆ ಆಡಿಟರ್ ಕೈಯಲ್ಲಿ 6,250 ಅನ್ನುವ ಸಹಿ ಮಾಡಿದ ಪತ್ರ, 3,330 ಅನ್ನುವ ಒಂದು ಶೆಡ್ಯೂಲ್, ಸೊನ್ನೆ ಅನ್ನುವ ಇನ್ನೊಂದು ಶೆಡ್ಯೂಲ್. ಅವರು ಫೋನ್ ಮಾಡಿ ಕೇಳಿದರು: "ಮೇಡಂ, ಪತ್ರದಾಗ ಒಂದು ಅಂಕಿ, ಶೀಟಿನ್ಯಾಗ ಇನ್ನೊಂದು. ನಾ ಯಾವ್ದು ಖರೇ ಅಂತ ತಿಳ್ಕೋಬೇಕ್ರಿ?"

ಮೂರೂ ಖರೇ. ಬೇರೆ ಬೇರೆ ದಿನದ ಖರೇ ಅಷ್ಟೆ. ಆದರೆ ಪತ್ರದಲ್ಲಿ 26ಎಎಸ್ ಯಾವ ದಿನ ಇಳಿಸಿದ್ದು ಅಂತ ನಾನು ಬರೆದಿರಲಿಲ್ಲ. ಮಾರ್ಚ್ ತ್ರೈಮಾಸಿಕದ ಟಿಡಿಎಸ್ ರಿಟರ್ನ್‌ಗೆ ಮೇ 31ರವರೆಗೆ ಗಡುವು ಇರುತ್ತದೆ, ತಡವಾಗಿ ಹಾಕುವವರು, ತಿದ್ದುವವರು ಆಮೇಲೂ ಇರುತ್ತಾರೆ. ಜೂನ್‌ನಲ್ಲಿ ನೋಡಿದ 26ಎಎಸ್ ಆಗಸ್ಟ್‌ನಲ್ಲಿ ಹಾಗೇ ಇರುವುದಿಲ್ಲ. ಹೀಗೆ ಬದಲಾಗುವ ಅಂಕಿಯನ್ನು ಕೈಯಲ್ಲಿ ಟೈಪ್ ಮಾಡಿ ಸಹಿ ಹಾಕಿಸಿದರೆ, ಪ್ರತಿ ಬದಲಾವಣೆಗೂ ಹೊಸ ಪತ್ರ ಬೇಕು. ನಾನು ಒಂದು ಸಲ ಬರೆದಿದ್ದೆ. ಎರಡನೇ ಸಲ ಬರೆಯುವ ಬದಲು ಅದೇ ವರ್ಕ್‌ಬುಕ್‌ನಲ್ಲಿ `Notes` ಅಂತ ಶೀಟ್ ತೆರೆದೆ.

ಅದರಲ್ಲಿ ಆರೇ ಕಾಲಂ. ಗುರುತಿನ ಸಂಖ್ಯೆ, ಪಾರ್ಟಿ, ಕಾರಣ, ಮೊತ್ತ, ಯಾವ ಊಹೆಯ ಮೇಲೆ ಮತ್ತು ಯಾವ ಕಾಗದದ ಆಧಾರದಲ್ಲಿ, ಕೊನೆಗೆ ಸ್ಥಿತಿ. ಮೂರು ಸಾಲಿಗೆ `N1`, `N2`, `N3`. ಅದೇ ಸಂಖ್ಯೆ ಶೆಡ್ಯೂಲಿನ ಸಾಲಿನ ಪಕ್ಕದ ಸೆಲ್‌ನಲ್ಲೂ ಇರುತ್ತದೆ, ಹಾಗಾಗಿ ಪೇಸ್ಟ್ ಮಾಡಿದರೂ ಹೋಗುತ್ತದೆ. ನಮ್ಮಲ್ಲಿ ಜಾಸ್ತಿ ಇದ್ದರೆ ಕೂಡುವ ಮೊತ್ತ, 26ಎಎಸ್‌ನಲ್ಲಿ ಜಾಸ್ತಿ ಇದ್ದರೆ ಕಳೆಯುವ ಗುರುತು. ಎಂಟ್ರಿ ಹಾಕಿದ್ದಕ್ಕೆ `Posted`, 26ಎಎಸ್‌ಗೆ ಬಂದಿದ್ದಕ್ಕೆ `Cleared`, ಇನ್ನೂ ಬಾಕಿ ಇದ್ದಿದ್ದಕ್ಕೆ `Open`. ಮೇಲೆ `B1`ನಲ್ಲಿ ಒಂದು ತಾಳೆ ಸೂತ್ರ:

```
=TDS!C20-TDS!D20-SUMIFS(D:D,F:F,"Open")
```

`C20` ನಮ್ಮ ಲೆಡ್ಜರ್ ಮೊತ್ತ, `D20` 26ಎಎಸ್ ಮೊತ್ತ. ಇದು ಯಾವಾಗಲೂ ಸೊನ್ನೆ ತೋರಿಸಬೇಕು. ಜೂನ್ 14ರ ಅಂಕಿ ಹಾಕಿದಾಗ 6,250 ವ್ಯತ್ಯಾಸ, ಬಾಕಿ ಸಾಲುಗಳ ಮೊತ್ತವೂ 6,250. ಎಂಟ್ರಿ ಆದ ಮೇಲೆ 3,330ಕ್ಕೆ 3,330. ಸೊನ್ನೆ ಬರದಿದ್ದರೆ ಯಾವುದೋ ವ್ಯತ್ಯಾಸಕ್ಕೆ ಟಿಪ್ಪಣಿ ಇಲ್ಲ, ಅಥವಾ ಮುಗಿದ ಟಿಪ್ಪಣಿಯ ಸ್ಥಿತಿ ಬದಲಿಸಿಲ್ಲ ಅಂತ ಅರ್ಥ. ಪತ್ರ ಇದನ್ನು ಎಂದೂ ಹೇಳುವುದಿಲ್ಲ ಅಲ್ವಾ?

ಒಂದು ಎಚ್ಚರ. ಮೊತ್ತದ ಕಾಲಂ ಅನ್ನು ಶೆಡ್ಯೂಲಿಗೆ ಸೂತ್ರದಿಂದ ಜೋಡಿಸಬೇಡಿ. ನಾನು ಮೊದಲು ಜೋಡಿಸಿದ್ದೆ. ಜರ್ನಲ್ ಆದ ಮೇಲಿನ ಅಂಕಿ ಹಾಕಿದ ಕೂಡಲೇ ಪುಣೆಯ ಸಾಲಿನ ವ್ಯತ್ಯಾಸ ಸೊನ್ನೆಯಾಯಿತು, ಟಿಪ್ಪಣಿಯಲ್ಲಿದ್ದ 3,100ವೂ ಸೊನ್ನೆಯಾಯಿತು. ಏನನ್ನು ಹೊಂದಿಸಿದೆವು ಅನ್ನುವ ಗುರುತೇ ಉಳಿಯಲಿಲ್ಲ. ಮೊತ್ತ ಕೈಯಲ್ಲೇ ಬರೆಯಿರಿ, ತಪ್ಪಿದರೆ ತಾಳೆ ಸೂತ್ರ ಹಿಡಿಯುತ್ತದೆ. 26ಎಎಸ್ ಇಳಿಸಿದ ತಾರೀಕು ಮೇಲುಗಡೆ ದಪ್ಪಕ್ಷರದಲ್ಲಿರಲಿ.

ಶೀಟ್ ಗೆಲ್ಲುವುದು ಮುಖ್ಯವಾಗಿ ಊಹೆಯ ಕಾಲಂನಿಂದ. ಪತ್ರದಲ್ಲಿ ಪುಣೆಯ 3,100ಕ್ಕೆ "ಸಮಯದ ವ್ಯತ್ಯಾಸ" ಅಂತ ಎರಡು ಪದ ಬರೆದು ಮುಗಿಸಿದ್ದೆ. ಶೀಟಿನಲ್ಲಿ ಊಹೆಯ ಕಾಲಂ ಖಾಲಿ ಕಾಣುತ್ತಿತ್ತು, ತುಂಬಲೇಬೇಕಾಯಿತು. ತುಂಬಲು ಕೂತಾಗ ಗೊತ್ತಾಯಿತು, 3,100 ಅಂದರೆ ಅದರ ಹಿಂದೆ 31 ಲಕ್ಷದ ಮಾರಾಟ. ಮಾರ್ಚ್ 28 ಮತ್ತು 30ರಂದು ಲಾರಿ ತಾರಿಹಾಳ ಬಿಟ್ಟಿದೆ. ಅವರ ಸ್ಟಾಕ್ ಎಣಿಕೆ ನಡೆದಿದ್ದರಿಂದ ಗೇಟಿನಲ್ಲಿ ಮಾಲು ಒಳಗೆ ತೆಗೆದುಕೊಂಡಿದ್ದು ಏಪ್ರಿಲ್ 2ಕ್ಕೆ. ಹಾಗಾದರೆ ಇದು ಯಾವ ವರ್ಷದ ಮಾರಾಟ? ನಮ್ಮ ಊಹೆ ಏನೆಂದರೆ, ದರ ಎಕ್ಸ್-ವರ್ಕ್ಸ್, ಲಾರಿಗೆ ಏರಿಸಿದ ಕ್ಷಣದಿಂದ ಮಾಲಿನ ಹೊಣೆ ಅವರದ್ದು, ಆದ್ದರಿಂದ ಮಾರಾಟ ಮಾರ್ಚ್‌ನದ್ದು. ಆಧಾರ ಅವರ ಪರ್ಚೇಸ್ ಆರ್ಡರ್‌ನ ಷರತ್ತು, ಲಾರಿಯವರ ಎರಡು ಎಲ್‌ಆರ್ ರಸೀದಿ, ಇ-ವೇ ಬಿಲ್. ಈ ಊಹೆ ತಪ್ಪಾದರೆ 31 ಲಕ್ಷ ಮಾರಾಟ ಮುಂದಿನ ವರ್ಷಕ್ಕೆ ಹೋಗುತ್ತದೆ, ಅಷ್ಟು ಮಾಲು ನಮ್ಮ ಮುಗಿತಾಯ ಸ್ಟಾಕಿಗೆ ಬರುತ್ತದೆ. ಅದನ್ನೂ ಅದೇ ಸಾಲಿನಲ್ಲಿ ಬರೆದೆ. ಆಡಿಟರ್ ಮೊದಲು ಕೇಳಿದ್ದೇ ಆ ಪರ್ಚೇಸ್ ಆರ್ಡರ್. 180ರ ಬಗ್ಗೆ ಕೇಳಲೇ ಇಲ್ಲ.

ಪತ್ರ ಪೂರ್ತಿ ಬೇಡ ಅಂತಲ್ಲ. ಸಹಿ ಬೇಕು ಅಂದರೆ ಎಲ್ಲ ಮುಗಿದ ಮೇಲೆ ಈ ಶೀಟಿನ ಪ್ರಿಂಟ್ ತೆಗೆದು ಅದರ ಮೇಲೇ ಸಹಿ ಹಾಕಿಸುತ್ತೇನೆ. ನೂರಾರು ಪಾರ್ಟಿ ಇರುವವರಿಗೆ ತಾಳೆ ನೋಡುವ ಸಾಫ್ಟ್‌ವೇರ್ ಅನುಕೂಲ ಇರಬಹುದು. ನಮ್ಮಲ್ಲಿ ಟಿಡಿಎಸ್ ಹಿಡಿಯುವವರು ಎಂಟು ಜನ, ಅದಕ್ಕೆ ದುಡ್ಡು ಹಾಕಲು ಮಾಲೀಕರು ಒಪ್ಪುವುದಿಲ್ಲ, ನಾನೂ ಕೇಳುವುದಿಲ್ಲ. ಸಂಜೆ ಫೈಲ್ ಮುಚ್ಚುವ ಮುಂಚೆ `B1` ಒಮ್ಮೆ ನೋಡುವುದು ನನಗೆ ರೂಢಿಯಾಗಿದೆ.

ಪುಣೆಯ ಸಾಲು ಅಲ್ಲಿಗೇ ಮುಗಿಯಲಿಲ್ಲ. ಅವರು ಏಪ್ರಿಲ್‌ನಲ್ಲಿ ಹಿಡಿದ 3,100 ಮರುವರ್ಷದ 26ಎಎಸ್‌ನಲ್ಲಿ ಬಂತು. ಆದಾಯ 2023-24ರದ್ದು, ಟಿಡಿಎಸ್ 2024-25ರದ್ದು. ಇಂಥದ್ದಕ್ಕೆ ಆಗ ಫಾರ್ಮ್ 71 ಇತ್ತು, ಹಾಕಬೇಕೋ ಬೇಡವೋ ಅನ್ನುವ ತೀರ್ಮಾನ ಆಡಿಟರ್‌ಗೆ ಬಿಟ್ಟೆ. 2024-25ರ ವರ್ಕ್‌ಬುಕ್ ತೆರೆದ ದಿನ `Notes` ಶೀಟಿನ ಮೊದಲ ಸಾಲಿಗೆ ಹಳೆಯ `N1` ಅನ್ನು ಹಾಗೇ ಇಳಿಸಿ, ಈ ಸಲ ಕಳೆಯುವ ಗುರುತು ಹಾಕಿ, `Open` ಅಂತ ಬರೆದೆ.