ಚಾರ್ಜಿಂಗ್ ರಿಪೇರಿಗೆ ಕೊಟ್ಟ ಫೋನ್, ಹೇಳಿದ ರೇಟಿಗಿಂತ ಮೂರು ಪಟ್ಟು ಬಿಲ್. ದಯವಿಟ್ಟು ಓದಿ

ಕೋಪ ಇನ್ನೂ ಇಳಿದಿಲ್ಲ. ಬರೆಯುವುದು ಸ್ವಲ್ಪ ಹಿಂದೆ ಮುಂದೆ ಆಗಬಹುದು. ಆದರೂ ಫೋನ್ ರಿಪೇರಿಗೆ ಕೊಡುವವರಿದ್ದರೆ, ಕೊಡುವ ಮೊದಲೇ ಇದನ್ನು ಓದಿ.

ನನ್ನ ಫೋನಿಗೆ ಇದ್ದಿದ್ದು ಒಂದೇ ತೊಂದರೆ. ಚಾರ್ಜರ್ ವೈರನ್ನು ಒಂದು ಕಡೆಗೆ ಒತ್ತಿ ಹಿಡಿದರೆ ಚಾರ್ಜ್ ಏರುತ್ತಿತ್ತು, ಕೈ ಬಿಟ್ಟರೆ ನಿಲ್ಲುತ್ತಿತ್ತು. ಬೇರೆಲ್ಲಾ ಸರಿ ಇತ್ತು. ಕಾಲ್‌ನಲ್ಲಿ ನನ್ನ ದನಿ ಎದುರಿನವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಂಗಡಿಯವರು ಟಾರ್ಚ್ ಹಾಕಿ ನೋಡಿದರು. ಪಿನ್ ಲೂಸ್ ಆಗಿದೆ, ಆ ಪಿನ್ ಕೂತಿರುವ ಚಿಕ್ಕ ಬೋರ್ಡನ್ನೇ, ಅಂದರೆ ಚಾರ್ಜಿಂಗ್ ಸಬ್ ಬೋರ್ಡನ್ನೇ ಬದಲಾಯಿಸಬೇಕು ಅಂದರು. ಫೋನ್ ಅವರ ಹತ್ತಿರವೇ ಇರುತ್ತದಲ್ಲ, ಅದಕ್ಕೆ ಚೀಟಿಯಲ್ಲಿ ಮನೆಯವರ ನಂಬರ್ ಬರೆಸಿಕೊಂಡರು. ಲೇಬರ್ ಎಲ್ಲಾ ಸೇರಿ ಇಷ್ಟಾಗುತ್ತೆ ಅಂತ ಆ ನಂಬರಿಗೇ ಮೆಸೇಜ್ ಹಾಕಿದರು. ಆ ಮೊತ್ತವನ್ನು 100 ಅಂತ ಇಟ್ಟುಕೊಳ್ಳಿ. ವಾಪಸ್ ತರಲು ಹೋದಾಗ ಕೈಗೆ ಕೊಟ್ಟ ಬಿಲ್ 310!

ಮೊದಲು ಬೇರೆಯವರ ಬಿಲ್ ಇರಬೇಕು ಅಂದುಕೊಂಡೆ. ಅಲ್ಲ, ನನ್ನ ಹೆಸರೇ ಇತ್ತು. ಅದರಲ್ಲಿ ಹೀಗೆ ಬರೆದಿತ್ತು: ಸಬ್ ಬೋರ್ಡ್ 90, ಮೈಕ್ 40, ಚಾರ್ಜಿಂಗ್ ಐಸಿ 110, ವಾಟರ್ ಕ್ಲೀನಿಂಗ್ 30, ಲೇಬರ್ 40. ಲೇಬರ್ ಸೇರಿ 100 ಅಂದವರು ಲೇಬರನ್ನೂ ಬೇರೆ ಹಾಕಿದ್ದಾರೆ.

ಇದೇನು, ನೀವು ಹೇಳಿದ್ದು ಬೇರೆ ಅಲ್ವಾ ಅಂತ ಕೇಳಿದೆ. "ಅದು ಬರೀ ಅಂದಾಜು ಸರ್, ಓಪನ್ ಮಾಡಿದ ಮೇಲೇ ಗೊತ್ತಾಗೋದು" ಅಂದರು. ಸರಿ, ಓಪನ್ ಮಾಡಿದ ಮೇಲೆ ಗೊತ್ತಾಯಿತು, ಆಗ ಒಂದು ಮಾತು ಹೇಳಬೇಕಿತ್ತಲ್ವಾ? "ನಿಮ್ಮ ಫೋನ್ ನಮ್ಮ ಹತ್ತಿರ ಇತ್ತಲ್ಲ ಸರ್, ಕಾಲ್ ಹೇಗೆ ಮಾಡೋದು?" ಎಸ್ಟಿಮೇಟ್ ಮೆಸೇಜ್ ಹಾಕಿದ್ದು ಯಾವ ನಂಬರಿಗೆ ಸ್ವಾಮಿ? ಆ ನಂಬರ್ ತೋರಿಸಿದೆ. ಅದಕ್ಕೆ ಉತ್ತರವಿಲ್ಲ. ಹಿಂದೆ ನಿಂತಿದ್ದವರು ನಾನೇನೋ ಜಿಪುಣತನ ಮಾಡುತ್ತಿದ್ದೇನೆ ಅನ್ನೋ ಹಾಗೆ ನೋಡುತ್ತಿದ್ದರು. ಮುಖ ಬಿಸಿಯಾಯಿತು. ಹಳೆಯ ಪಾರ್ಟ್ ಕೊಡಿ ಅಂದೆ. "ಅದನ್ನೆಲ್ಲಾ ಯಾರು ಇಟ್ಕೋತಾರೆ ಸರ್, ಬಿಸಾಕಿದ್ವಿ." ಫೋನ್ ಅವರ ಕೌಂಟರಿನ ಆಚೆ ಇತ್ತು. ದುಡ್ಡು ಕೊಟ್ಟರೆ ಮಾತ್ರ ಈಚೆ ಬರುತ್ತದೆ. ಕೊಟ್ಟು ಬಂದೆ.

ಗೆಳೆಯನೊಬ್ಬ ಬೇರೆ ಕಡೆ ಮೊಬೈಲ್ ರಿಪೇರಿ ಮಾಡುತ್ತಾನೆ. ಬಿಲ್ ನೋಡಿದ ತಕ್ಷಣ ಅವನು ಬೆರಳಿಟ್ಟಿದ್ದು ಮೈಕ್ ಸಾಲಿನ ಮೇಲೆ. ನನ್ನ ಫೋನಿನಂಥ ಎಷ್ಟೋ ಮಾಡೆಲ್‌ಗಳಲ್ಲಿ ಚಾರ್ಜಿಂಗ್ ಪಿನ್, ಕೆಳಗಿನ ಮೈಕ್ ಎರಡೂ ಒಂದೇ ಸಬ್ ಬೋರ್ಡಿನ ಮೇಲೆ ಕೂತಿರುತ್ತವಂತೆ. ಹೊಸ ಸಬ್ ಬೋರ್ಡ್ ಹಾಕಿದರೆ ಮೈಕ್ ಅದರ ಜೊತೆಗೇ ಬರುತ್ತದೆ. ಅಂದರೆ ಒಂದೇ ಪಾರ್ಟಿಗೆ ಎರಡು ಸಲ ದುಡ್ಡು! ಅದೂ ಕೆಟ್ಟೇ ಇರದ ಮೈಕಿಗೆ.

ಆಮೇಲೆ ಹಿಂದಿನ ಕವರ್ ಬಿಸಿ ಮಾಡಿ ಬಿಚ್ಚಿ ತೋರಿಸಿದ. ಚಾರ್ಜಿಂಗ್ ಐಸಿ ಅಂದರೆ ಚಾರ್ಜ್ ಆಗುವುದನ್ನು ನಿಯಂತ್ರಿಸುವ ಪುಟ್ಟ ಚಿಪ್. ಅದು ಇರುವುದು ಸಬ್ ಬೋರ್ಡಿನಲ್ಲಿ ಅಲ್ಲ, ಮೇಲಿನ ಮೇನ್ ಬೋರ್ಡಿನಲ್ಲಿ, ತಗಡಿನ ಶೀಲ್ಡ್ ಕೆಳಗೆ. ಅದನ್ನು ಬದಲಾಯಿಸಬೇಕಾದರೆ ಶೀಲ್ಡ್ ತೆಗೆಯಬೇಕು, ಫ್ಲಕ್ಸ್ ಹಚ್ಚಬೇಕು, ಬಿಸಿ ಗಾಳಿಯಲ್ಲಿ ಐಸಿ ಎತ್ತಿ ಹೊಸದನ್ನು ಕೂರಿಸಬೇಕು. ನನ್ನ ಫೋನಿನಲ್ಲಿ ಶೀಲ್ಡ್ ಮೇಲೆ ಕಂಪನಿಯಲ್ಲಿ ಅಂಟಿಸಿದ ಕಪ್ಪು ಹಾಳೆ ಹಾಗೇ ಇತ್ತು. ಒಂದು ಮೂಲೆಯೂ ಎದ್ದಿರಲಿಲ್ಲ. ಕೆಳಗಡೆ ಸಬ್ ಬೋರ್ಡ್ ಮಾತ್ರ ಹೊಸದು, ಅದರ ಸ್ಕ್ರೂ ತಲೆಗಳಲ್ಲಿ ಮಾತ್ರ ಗೀರು. ನೀರು ತಾಗಿದರೆ ಕೆಂಪಾಗುವ ಪುಟ್ಟ ಸ್ಟಿಕ್ಕರ್ ಕೂಡ ಬೆಳ್ಳಗೇ ಇತ್ತು. ಹಾಗಾದರೆ ವಾಟರ್ ಕ್ಲೀನಿಂಗ್ ಯಾವುದಕ್ಕೆ?

ಆ ಸಬ್ ಬೋರ್ಡ್ ಬಿಚ್ಚುವುದನ್ನೂ ನೋಡಿದೆ. ಕೆಲವು ಸ್ಕ್ರೂ, ಎಳೆದರೆ ಬರುವ ಕನೆಕ್ಟರ್, ಅಷ್ಟೇ. ಸೋಲ್ಡರಿಂಗ್ ಇಲ್ಲವೇ ಇಲ್ಲ. ಕೆಲವು ಫೋನ್‌ಗಳಲ್ಲಿ ಪಿನ್ ನೇರವಾಗಿ ಮೇನ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಅಲ್ಲಿ ಲೇಬರ್ ಜಾಸ್ತಿ ಕೇಳಿದರೆ ನ್ಯಾಯ. ಐಸಿ ನಿಜವಾಗಿ ಹೋಗಿದ್ದರೂ ಜಾಸ್ತಿ ಆಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಐಸಿ ಹೋಗಿದ್ದರೆ ವೈರ್ ಒತ್ತಿ ಹಿಡಿದಾಗ ಚಾರ್ಜ್ ಆಗುತ್ತಿತ್ತಾ? ವೈರ್ ಅಲ್ಲಾಡಿಸಿದರೆ ಬಂದು ಹೋಗುವ ಚಾರ್ಜ್, ಸಾಮಾನ್ಯವಾಗಿ ವೈರ್ ಅಥವಾ ಪಿನ್ನಿನ ದೋಷ ಅಂತ ಗೆಳೆಯ ಹೇಳಿದ. ಎಷ್ಟೋ ಸಲ ಪಿನ್ ಒಳಗೆ ಜೇಬಿನ ನೂಲು, ಧೂಳು ತುಂಬಿಕೊಂಡರೂ ಹೀಗೇ ಆಗುತ್ತದಂತೆ.

ಫೋಟೋ ತೆಗೆದುಕೊಂಡು ಅಂಗಡಿಗೆ ಹೋದೆ. ಮೈಕ್ ವಿಷಯಕ್ಕೆ "ಹುಡುಗ ತಪ್ಪಾಗಿ ಬರೆದಿದ್ದಾನೆ" ಅಂತ ಆ ದುಡ್ಡು ವಾಪಸ್ ಕೊಟ್ಟರು. ಐಸಿ ಬಗ್ಗೆ ಕೇಳಿದರೆ "ನಮ್ಮದು ಮಷಿನ್ ಕೆಲಸ ಸರ್, ಗುರುತೇ ಬೀಳಲ್ಲ" ಅಂದರು. ಅಂಟಿಸಿದ ಹಾಳೆ ತೆಗೆಯದೆ ಅದರ ಕೆಳಗಿನ ಐಸಿ ಬದಲಾಯಿಸುವ ಮಷಿನ್ ಯಾವುದು, ನನಗೂ ತೋರಿಸಿ ಅಂದೆ. "ನೀವು ಹೊರಗಡೆ ಓಪನ್ ಮಾಡಿಸಿದ್ದೀರಿ, ಇನ್ನು ವಾರಂಟಿ ಇಲ್ಲ" ಅಂದರು. ಆ ಬಿಲ್ಲಿನಲ್ಲಿ ವಾರಂಟಿ ಅನ್ನೋ ಪದವೇ ಇಲ್ಲ ಮಾರಾಯ್ರೆ! ಇಲ್ಲದ್ದನ್ನು ಕಿತ್ತುಕೊಳ್ಳುವುದು ಹೇಗೆ?

ಬಿಲ್ಲಿನಲ್ಲಿ ಏನಿರಬೇಕು ಅಂತ ಈಗ ನನಗೆ ಚೆನ್ನಾಗಿ ಗೊತ್ತು. ಪಾರ್ಟ್ ಬೇರೆ ಸಾಲು, ಲೇಬರ್ ಬೇರೆ ಸಾಲು. ಪಾರ್ಟ್ ಅಂದರೆ ಬರೀ "ಐಸಿ" ಅಂತಲ್ಲ. ಯಾವ ಐಸಿ, ಅದರ ನಂಬರೇನು, ಹೊಸದಾ, ಹಳೆ ಬೋರ್ಡಿನಿಂದ ಕಿತ್ತಿದ್ದಾ, ಒರಿಜಿನಲ್ಲಾ, ಕಾಪಿಯಾ, ಎಷ್ಟು ದಿನ ವಾರಂಟಿ, ಎಲ್ಲಾ ಬರೆದಿರಬೇಕು. ಕಾಪಿ ಸಬ್ ಬೋರ್ಡ್ ಹಾಕಿದರೆ ಚಾರ್ಜ್ ಆಗುತ್ತದೆ, ಆದರೆ ಫಾಸ್ಟ್ ಚಾರ್ಜಿಂಗ್ ಬರದೇ ಇರಬಹುದು. ಒರಿಜಿನಲ್ ರೇಟ್ ಹಾಕಿದ್ದರೆ ಅವರೆದುರೇ ನಿಮ್ಮ ಚಾರ್ಜರ್ ಹಾಕಿ ನೋಡಿ. ಲೇಬರ್ ಸಾಲಿನಲ್ಲಿ ಯಾವ ಕೆಲಸಕ್ಕೆ ಅಂತ ಇರಬೇಕು. ಕವರ್ ಬಿಚ್ಚಿ ಮತ್ತೆ ಅಂಟಿಸುವುದು ಒಂದೇ ಸಲ, ಪ್ರತಿ ಪಾರ್ಟಿಗೂ ಅದನ್ನು ಸೇರಿಸಿದರೆ ಬಿಡಬೇಡಿ. ಚೆಕಿಂಗ್ ಚಾರ್ಜ್ ತೆಗೆದುಕೊಂಡಿದ್ದರೆ ಅದು ಕಳೆಯುತ್ತಾರಾ ಇಲ್ಲವಾ ಅನ್ನುವುದೂ ಇರಬೇಕು. ಫೋನಿನ ಐಎಂಇಐ ನಂಬರ್ ಬಿಲ್ ಮೇಲೆ ಇರಲಿ. ಅದು *#06# ಒತ್ತಿದರೆ ಕಾಣುತ್ತದೆ.

ಇನ್ನೊಂದು. ಕೊಡುವಾಗಲೇ ಆ ಚೀಟಿ ಮೇಲೆ "ಇದಕ್ಕಿಂತ ಜಾಸ್ತಿ ಆದರೆ ಕೇಳಿಯೇ ಮಾಡಬೇಕು, ಹಳೆ ಪಾರ್ಟ್ ವಾಪಸ್ ಕೊಡಬೇಕು" ಅಂತ ಬರೆಸಿ. ಬರೆಯಲು ಒಪ್ಪದಿದ್ದರೆ ಫೋನ್ ವಾಪಸ್ ತೆಗೆದುಕೊಂಡು ಬನ್ನಿ. ಹಳೆ ಪಾರ್ಟ್ ಇಲ್ಲ ಅಂದರೆ ಆ ಸಾಲಿಗೆ ದುಡ್ಡಿಲ್ಲ ಅನ್ನಿ.

ಐಸಿ, ಕ್ಲೀನಿಂಗ್, ಲೇಬರ್ ಮೂರರ ದುಡ್ಡೂ ಇನ್ನೂ ಅವರ ಹತ್ತಿರವೇ ಇದೆ. ಎಸ್ಟಿಮೇಟ್ ಮೆಸೇಜ್, ಬಿಲ್, ಎದ್ದಿರದ ಆ ಹಾಳೆಯ ಫೋಟೋ ಎಲ್ಲಾ ಸೇರಿಸಿ ಗ್ರಾಹಕರ ದೂರು ಬರೆದಿದ್ದೇನೆ. ಆ 180 ವಾಪಸ್ ಬರುವ ತನಕ ನಾನು ಬಿಡುವುದಿಲ್ಲ.