ಬಸ್ ಬೋರ್ಡಿಗೆ ಸೈ, ಸಾತಬಾರಾಕ್ಕೆ ಬೇಡ

ನಾವಿರುವುದು ವಿಜಯಪುರದಲ್ಲಿ, ಅವ್ವನ ಕಡೆಯ ಹೊಲ ಇರುವುದು ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ. ಅಲ್ಲಿ ಊರಿನವರ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ನನಗೆ ಮರಾಠಿ ಕೇಳಿದರೆ ಅರ್ಧ ತಿಳಿಯುತ್ತದೆ, ಓದಲು ಹೋದರೆ ತಿಣುಕಾಟ. ಹೀಗಾಗಿ ಕ್ಯಾಮೆರಾ ಹಿಡಿದರೆ ಓದಿ ಹೇಳುವ ಒಂದು ಉಚಿತ ಅನುವಾದ ಆ್ಯಪನ್ನು ಬಹಳ ದಿನಗಳಿಂದ ಬಳಸುತ್ತಿದ್ದೇನೆ.

ಸಿಟ್ಟು ಬಂದದ್ದು ಸಾತಬಾರಾ ವಿಷಯಕ್ಕೆ. ಅದು ನಮ್ಮ ಪಹಣಿ ಇದ್ದ ಹಾಗೆ. ಡಿಜಿಟಲ್ ಸಹಿ ಇರುವ ಪ್ರತಿ ಆನ್‌ಲೈನಿನಲ್ಲಿ 15 ರೂಪಾಯಿಗೆ ಸಿಗುತ್ತದೆ. ಅದರಲ್ಲಿ 'ಕುಳ, ಖಂಡ ವ ಇತರ ಅಧಿಕಾರ' ಅಂತ ಒಂದು ಕಾಲಂ. ಕುಳ ಅಂದರೆ ಗೇಣಿದಾರ, ಖಂಡ ಅಂದರೆ ಗೇಣಿ. ಆ್ಯಪ್ ಅದನ್ನು ಮನೆತನ ಮತ್ತು ಭೂಖಂಡ ಮಾಡಿತು! ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ಕೆಳಗೆ 'ಕುಳಕಾಯದಾ ಕಲಮ 43 ಲಾ ಪಾತ್ರ' ಎಂದಿತ್ತು. ಆ್ಯಪ್ ಕೊಟ್ಟದ್ದು 'ಮನೆತನದ ಕಾಯ್ದೆ ಕಲಂ 43ಕ್ಕೆ ಅರ್ಹ'. ಓದಿದರೆ ಏನೋ ಸವಲತ್ತು ಸಿಕ್ಕಂತೆ ಕಾಣುತ್ತದೆ, ಅಲ್ವಾ? ನಿಜಕ್ಕೂ ಅದು 1948ರ ಗೇಣಿ ಕಾಯ್ದೆಯ ನಿರ್ಬಂಧ. ಗೇಣಿದಾರನಾಗಿ ಪಡೆದ ಆ ಜಮೀನನ್ನು ಸರ್ಕಾರದ ಷರತ್ತು ಪೂರೈಸದೆ ಸಲೀಸಾಗಿ ಮಾರುವ ಹಾಗಿಲ್ಲ. ತಪ್ಪಿದ್ದರೂ ವಾಕ್ಯ ಎಲ್ಲಿಯೂ ತೊದಲುವುದಿಲ್ಲ, ಅದೇ ಅಪಾಯ.

ಈಗ ರಾತ್ರಿ ಊಟವಾದ ಮೇಲೆ ಫ್ಯಾನ್ ಆರಿಸಿ, ಪ್ರಿಂಟ್ ತೆಗೆದ ಹಾಳೆಯನ್ನು ಟೇಬಲ್ ಮೇಲೆ ಹರಡುತ್ತೇನೆ. ಗೊತ್ತಿಲ್ಲದ ಮಾತಿನ ಕೆಳಗೆ ಪೆನ್ಸಿಲ್ ಗೀಟು. ಆಮೇಲೆ ಮೋಲ್ಸ್‌ವರ್ತ್‌ ಅವರ ಮರಾಠಿ-ಇಂಗ್ಲಿಷ್ ನಿಘಂಟು. 1857ರ ಆವೃತ್ತಿಯನ್ನು ಶಿಕಾಗೋ ವಿಶ್ವವಿದ್ಯಾಲಯ ಆನ್‌ಲೈನಿನಲ್ಲಿ ಪುಕ್ಕಟೆ ಇಟ್ಟಿದೆ. ಪುಟ ನೋಡಲು ಹಳೇ ಕಾಲದ್ದು, ಜಾಹೀರಾತಿನ ಕಾಟ ಮಾತ್ರ ಇಲ್ಲ. ಹಳೆಯ ನಿಘಂಟಾದ್ದರಿಂದ ಹೊಲ, ಕಂದಾಯ, ಸಾಲಗಳ ಮಾತು ಅದರಲ್ಲಿ ಜಾಸ್ತಿ. ಒಂದು ಮಾತಿಗೆ ಇರುವ ಐದಾರು ಅರ್ಥಗಳನ್ನೂ ಸಾಲಾಗಿ ಕೊಡುತ್ತದೆ, ಆರಿಸುವ ಕೆಲಸ ನಮ್ಮದು. ಒಂದಕ್ಕೆ ಹೋಗಿ ಪಕ್ಕದ ನಾಲ್ಕು ಓದುತ್ತಾ ಕೂತುಬಿಡುವುದೂ ಉಂಟು. ಕಾಯ್ದೆಯ ಸಂಗತಿ ಅಲ್ಲಿ ಸಿಗುವುದಿಲ್ಲ. ಕಲಂ 43ರ ಅರ್ಥ ಹೇಳಿದ್ದು ಜತ್ತದ ನಮ್ಮ ಮಾಮಾ.

ಇಷ್ಟಾದರೂ ಆ್ಯಪ್ ತೆಗೆದುಹಾಕಿಲ್ಲ. ಸಾಂಗ್ಲಿ ಬಸ್ ನಿಲ್ದಾಣದಲ್ಲಿ ಬೋರ್ಡಿನತ್ತ ಹಿಡಿದರೆ ಊರಿನ ಹೆಸರು ತಟ್ಟನೆ ಕನ್ನಡದಲ್ಲಿ ಬರುತ್ತದೆ. ಖಾನಾವಳಿಯ ಪಟ್ಟಿಗೂ ಸಾಕು. ಹೊರಡುವ ಮುಂಚೆ ಮನೆಯ ವೈಫೈನಲ್ಲೇ ಮರಾಠಿ, ಕನ್ನಡ ಎರಡೂ ಇಳಿಸಿಕೊಳ್ಳಿ, ದಾರಿಯಲ್ಲಿ ನೆಟ್‌ವರ್ಕ್ ನೆಚ್ಚಬೇಡಿ. ದುಡ್ಡು ಕೊಡುವ ಆವೃತ್ತಿ ನಾನು ತೆಗೆದುಕೊಂಡಿಲ್ಲ. ಆ ಹಣದಲ್ಲಿ ಜತ್ತಕ್ಕೆ ಹೋಗಿ ಮಾಮಾನನ್ನೇ ಕೇಳಿ ಬರಬಹುದು, ಮೇಲೆ ಊಟವೂ ಆಗುತ್ತದೆ.