ಕಾಸರಗೋಡಿನಿಂದ ಮಾಲು ತರುವ ಅಂಗಡಿಯವರೇ, ಬಿಲ್ಲಿನಲ್ಲಿ ಐಜಿಎಸ್‌ಟಿ ಇದೆಯಾ ನೋಡಿ

ತಲಪಾಡಿ ದಾಟಿ ಹೋಗಿ ಹೋಲ್‌ಸೇಲ್ ಮಾಲು ತರುವ ಮಂಗಳೂರು, ಉಡುಪಿಯ ಅಂಗಡಿಯವರು ಇದನ್ನು ಪೂರ್ತಿ ಓದಿ. ನನಗೆ 7,200 ರೂಪಾಯಿ ನಾಮ ಬಿದ್ದಿದೆ. ದುಡ್ಡಿಗಿಂತ ಜಾಸ್ತಿ ಉರಿಯುವುದು ಮಾಲು ಮಾರಿದವರು ಕೊಟ್ಟ ಉತ್ತರಗಳು.

ನನ್ನದು ಮಂಗಳೂರಿನಲ್ಲಿ ಟ್ಯಾಪ್, ಶವರ್ ಮಾರುವ ಅಂಗಡಿ. ಕಾಸರಗೋಡಿನ ಒಂದು ಹೋಲ್‌ಸೇಲ್ ಅಂಗಡಿಯಿಂದ 40,000 ರೂಪಾಯಿಯ ಮಾಲು ತಂದೆ. ಗಾಡಿ ನನ್ನದೇ. ಬಿಲ್ಲಿನಲ್ಲಿ ನನ್ನ ಜಿಎಸ್‌ಟಿ ನಂಬರ್ ಹಾಕಿದ್ದರು, ಅಂಗಡಿಯ ವಿಳಾಸವೂ ಸರಿಯಾಗಿತ್ತು. ಆದರೆ ತೆರಿಗೆ ಹಾಕಿದ್ದು ಹೀಗೆ:

ಮಾಲು 40,000
ಸಿಜಿಎಸ್‌ಟಿ 9% 3,600
ಎಸ್‌ಜಿಎಸ್‌ಟಿ 9% 3,600
ಒಟ್ಟು 47,200

ಮಾಲು ಬೇರೆ ರಾಜ್ಯಕ್ಕೆ ಹೋಗುವುದರಿಂದ ಬರಬೇಕಾಗಿದ್ದದ್ದು ಹೀಗೆ:

ಮಾಲು 40,000
ಐಜಿಎಸ್‌ಟಿ 18% 7,200
ಒಟ್ಟು 47,200

ಕೆಳಗಿನ ಮೊತ್ತ ಎರಡರಲ್ಲೂ ಒಂದೇ, ನೋಡಿ! ಅಲ್ಲಿಯೇ ಮೋಸ ಹೋಗುವುದು. ದುಡ್ಡು ಎಣಿಸಿ ಕೊಡುವಾಗ ಯಾರಿಗೂ ಅನುಮಾನ ಬರುವುದಿಲ್ಲ.

ಗೊತ್ತಾದದ್ದು ಮುಂದಿನ ತಿಂಗಳು, ಆಡಿಟರ್ ಆಫೀಸಿನಲ್ಲಿ. ಜಿಎಸ್‌ಟಿಆರ್-2ಬಿ ತೆಗೆದರೆ ಆ ಬಿಲ್ಲು 'ಕ್ರೆಡಿಟ್ ಸಿಗುವುದಿಲ್ಲ' ಎನ್ನುವ ಪಟ್ಟಿಯಲ್ಲಿ ಕುಳಿತಿದೆ. ಕಾರಣವನ್ನೂ ಕೊಟ್ಟಿದೆ: ಮಾರಿದವನ ರಾಜ್ಯ ಮತ್ತು ಪೂರೈಕೆಯ ಸ್ಥಳ ಎರಡೂ ಕೇರಳ, ತೆಗೆದುಕೊಂಡವನು ಮಾತ್ರ ಬೇರೆ ರಾಜ್ಯದವನು. ಪಕ್ಕದಲ್ಲಿ ಬೇರೆ ವ್ಯಾಪಾರಸ್ಥರೂ ಕುಳಿತಿದ್ದರು. "ಎಂತ ಮಾರ್ರೆ, ಕೇರಳ ಸರ್ಕಾರಕ್ಕೆ ದಾನ ಮಾಡಿದ್ರಾ?" ಅಂದರು ಒಬ್ಬರು. ನಗು ಬೇರೆ.

ಅದೇ ಮಾಲನ್ನು ನಾನು ಇಲ್ಲಿ 46,000ಕ್ಕೆ ಮಾರಿದ್ದೆ. ಅದರ ಮೇಲೆ ತೆರಿಗೆ 8,280, ಅಂದರೆ ಸಿಜಿಎಸ್‌ಟಿ 4,140, ಕರ್ನಾಟಕದ ಎಸ್‌ಜಿಎಸ್‌ಟಿ 4,140. ಐಜಿಎಸ್‌ಟಿ ಬಿಲ್ಲು ಇದ್ದಿದ್ದರೆ ಆ 7,200ನ್ನು ಈ ಎರಡರಲ್ಲೂ ವಜಾ ಮಾಡಿ 1,080 ಕಟ್ಟಿದರೆ ಮುಗಿಯುತ್ತಿತ್ತು. ಈಗ 8,280 ಪೂರ್ತಿ ಕೈಯಿಂದ ಕಟ್ಟಿದೆ. ಮಾಲಿನ ಮೇಲೆ ಸಿಕ್ಕ ಲಾಭವೇ 6,000. ಅದೂ ಹೋಯ್ತು, ಮೇಲೆ 1,200 ನಷ್ಟ.

ಆ ಹೋಲ್‌ಸೇಲ್ ಅಂಗಡಿಗೆ ಫೋನ್ ಮಾಡಿದೆ. ಮೊದಲ ಉತ್ತರ: "ಸಾರ್, 9 ಮತ್ತೆ 9, ಹದಿನೆಂಟೇ ಅಲ್ವಾ? ನಿಮಗೇನು ವ್ಯತ್ಯಾಸ?" ವ್ಯತ್ಯಾಸ 7,200 ಸ್ವಾಮೀ!

ಎರಡನೆಯದು: "ನೀವೇ ನಮ್ಮ ಬಾಗಿಲಿಗೆ ಬಂದು ಲೋಡ್ ಮಾಡಿಸಿಕೊಂಡ್ರಿ. ಹಾಗಾಗಿ ಲೋಕಲ್." ಇದನ್ನು ಎಷ್ಟು ಧೈರ್ಯವಾಗಿ ಹೇಳುತ್ತಾರೆಂದರೆ ನಮಗೇ ಹೌದೇನೋ ಅನಿಸಬೇಕು. ಐಜಿಎಸ್‌ಟಿ ಕಾಯ್ದೆಯ 10ನೇ ಸೆಕ್ಷನ್ ಹೇಳುವುದೇ ಬೇರೆ. ಮಾಲನ್ನು ಮಾರುವವನೇ ಸಾಗಿಸಲಿ, ಕೊಳ್ಳುವವನೇ ಸಾಗಿಸಲಿ, ಸಾಗಾಟ ಎಲ್ಲಿ ಮುಗಿಯುತ್ತದೋ ಅದೇ ಪೂರೈಕೆಯ ಸ್ಥಳ. ನನ್ನ ಮಾಲಿನ ಸಾಗಾಟ ಮುಗಿದದ್ದು ಮಂಗಳೂರಿನಲ್ಲಿ. ಗಾಡಿ ಯಾರದ್ದು ಎನ್ನುವುದು ಲೆಕ್ಕಕ್ಕಿಲ್ಲ.

ಮೂರನೆಯದು ಎಲ್ಲಕ್ಕಿಂತ ಚೆಂದ: "ನಾವು ಕಟ್ಟಿ ಆಯ್ತು, ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ." ಸುಳ್ಳು. ಹಳೆ ಬಿಲ್ಲಿಗೆ ಕ್ರೆಡಿಟ್ ನೋಟ್ ಕೊಟ್ಟು, ಐಜಿಎಸ್‌ಟಿ ಹಾಕಿ ಹೊಸ ಬಿಲ್ಲು ಮಾಡಬಹುದು. ಕ್ರೆಡಿಟ್ ನೋಟನ್ನು ರಿಟರ್ನ್‌ನಲ್ಲಿ ತೋರಿಸಿದರೆ ಅವರ ಕೇರಳದ ತೆರಿಗೆ ಅಷ್ಟು ಕಡಿಮೆಯಾಗುತ್ತದೆ. ಬಿಲ್ಲಿನ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರವರೆಗೆ ಅದಕ್ಕೆ ಅವಕಾಶ ಇದೆ, ಅವರು ಅಷ್ಟರೊಳಗೆ ವಾರ್ಷಿಕ ರಿಟರ್ನ್ ಸಲ್ಲಿಸಿರಬಾರದು ಅಷ್ಟೇ. ಇಲ್ಲವಾದರೆ ಐಜಿಎಸ್‌ಟಿ ಕಟ್ಟಿ, ತಪ್ಪಾಗಿ ಕಟ್ಟಿದ್ದನ್ನು ಸಿಜಿಎಸ್‌ಟಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ರಿಫಂಡ್ ಕೇಳಬಹುದು. ಸರಿಯಾದ ತೆರಿಗೆ ಕಟ್ಟಿದ ದಿನದಿಂದ 2 ವರ್ಷ ಸಮಯ. ಆ ಐಜಿಎಸ್‌ಟಿಗೆ ಬಡ್ಡಿಯೂ ಇಲ್ಲ. ಅವರಿಗೆ ಇರುವುದು ಅರ್ಧ ಗಂಟೆಯ ಕೆಲಸ, ಅದಕ್ಕೂ ಸೋಮಾರಿತನ.

ನೀವು ಮಾಡಬೇಕಾದದ್ದು ಇಷ್ಟೇ. ದುಡ್ಡು ಕೊಡುವ ಮೊದಲು ಎರಡೂ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿ. ಕರ್ನಾಟಕ 29, ಕೇರಳ 32. ಒಂದು ಕಡೆ 32, ಇನ್ನೊಂದು ಕಡೆ 29 ಇದ್ದು ಮಾಲು ಇಲ್ಲಿಗೇ ಬರುವುದಾದರೆ ಐಜಿಎಸ್‌ಟಿ ಇರಲೇಬೇಕು. ಪೂರೈಕೆಯ ಸ್ಥಳ ಅಂತ ಕೇರಳ ಬರೆದಿದ್ದರೆ ಅಲ್ಲೇ ನಿಂತು ಬದಲಾಯಿಸಿಕೊಳ್ಳಿ. ಹಾಗಂತ ಕಾಸರಗೋಡಿನ ಹೋಟೆಲ್ ರೂಮಿನ ಬಿಲ್ಲು ಹಿಡಿದು ಜಗಳಕ್ಕೆ ಹೋಗಬೇಡಿ. ರೂಮಿಗೆ ಹೋಟೆಲ್ ಇರುವ ಜಾಗವೇ ಪೂರೈಕೆಯ ಸ್ಥಳ. ಅಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿದ್ದು ಸರಿಯೇ. ಆ ಕ್ರೆಡಿಟ್ ನಮಗೆ ಸಿಗುವುದೇ ಇಲ್ಲ.

ಅವರ ಇನ್ನೊಂದು ಬಿಲ್ಲು ಬಾಕಿ ಇತ್ತು. ಅದರಲ್ಲಿ 7,200 ಹಿಡಿದಿಟ್ಟುಕೊಂಡು ಉಳಿದದ್ದನ್ನು ಕಳಿಸಿದ್ದೇನೆ. ಈಗ ದಿನಾ ಫೋನ್ ಬರುತ್ತಿದೆ. "ಸಾರ್, ಕ್ರೆಡಿಟ್ ನೋಟ್ ಫಾರ್ಮ್ಯಾಟ್ ನಿಮ್ಮ ಆಡಿಟರ್ ಹತ್ರ ಇದೆಯಾ?"